ಎಲಿವೇಶನ್ ರೆಂಡರ್‌ನ ವಾಲಿದ ಗೋಡೆ, ಹಳದಿ ಬಣ್ಣ, ಸುಟ್ಟ ಬೆಳಕು: ಫೋಟೋ ಎಡಿಟರ್‌ನಲ್ಲಿ ಎಷ್ಟು ಸರಿಮಾಡಬಹುದು?

ನವನಗರ ನಕ್ಷೆಕೋಣೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ನಡುವೆ ನವನಗರದಲ್ಲಿ ಮನೆ ನಕ್ಷೆ ಮತ್ತು ಎಲಿವೇಶನ್ ಮಾಡಿಕೊಡುವ ಕೆಲಸ ನನ್ನದು. ಈಚೆಗೆ ಸ್ಕೆಚ್‌ಅಪ್‌ನಲ್ಲಿ ಮಾದರಿ ಕಟ್ಟಿ, ಅದರ ಚಿತ್ರವನ್ನು ಎಐ ಜನರೇಟರ್‌ಗೆ ಕೊಟ್ಟು ರೆಂಡರ್ ಪಡೆಯುತ್ತಿದ್ದೇನೆ. ಈಗ ಕೈಯಲ್ಲಿರುವುದು ಎರಡು ಅಂತಸ್ತಿನ, ಪಡುವಣಕ್ಕೆ ಮುಖ ಮಾಡಿದ ಮನೆ. ಮುಂಭಾಗವು ನೇರವಾಗಿ ಎದುರಿಗೆ ಕಾಣುವ ನೋಟ, ಸಂಜೆಯ ಬಿಸಿಲು, ಅಗಲ 1536 ಮತ್ತು ಎತ್ತರ 1024 ಪಿಕ್ಸೆಲ್‌ನ ಪಿಎನ್‌ಜಿ ಕಡತ.

ಚಿತ್ರದಲ್ಲಿ ಮೂರು ದೋಷಗಳಿವೆ. ಮನೆಯ ಎರಡೂ ಮೂಲೆಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿವೆ. ಗೋಡೆಯ ಬಣ್ಣ ಗ್ರಾಹಕರು ಆರಿಸಿದ ಕೆನೆಬಿಳಿಗಿಂತ ಹೆಚ್ಚು ಹಳದಿಯಾಗಿದೆ. ಪ್ಯಾರಾಪೆಟ್‌ನ ಬಲತುದಿಯಲ್ಲಿ ಬಿಸಿಲು ಬಿದ್ದ ಜಾಗ ಪೂರ್ತಿ ಬೆಳ್ಳಗೆ ಸುಟ್ಟುಹೋಗಿದೆ. ಫೋಟೋಶಾಪ್‌ನಲ್ಲಿ Camera Raw ತೆರೆದು, ವೈಟ್ ಬ್ಯಾಲೆನ್ಸ್‌ನ ಐಡ್ರಾಪರ್‌ನಿಂದ ಪೋರ್ಟಿಕೋ ಒಳಗಿನ ನೆರಳುಗೋಡೆಯ ಮೇಲೆ ಒತ್ತಿದೆ. ಕಡಿಮೆಯಾಗುವ ಬದಲು ಇಡೀ ಚಿತ್ರ ಇನ್ನಷ್ಟು ಹಳದಿಯಾಯಿತು. Geometry ವಿಭಾಗದಲ್ಲಿ Guided ಆರಿಸಿ ಎರಡು ಮೂಲೆಗಳ ಮೇಲೆ ಗೆರೆ ಎಳೆದೆ. ಮೂಲೆಗಳು ನೆಟ್ಟಗಾದವು, ಆದರೆ ಮೊದಲು ನೆಟ್ಟಗೇ ಕಂಡಿದ್ದ ಪೋರ್ಟಿಕೋ ಕಂಬ ಈಗ ಹೊರಕ್ಕೆ ವಾಲಿದಂತೆ ಕಾಣುತ್ತಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿಸಬೇಕಾಗಿ ವಿನಂತಿ.

ಸಪ್ತಾಪುರ ಸ್ಟುಡಿಯೊ

ನಾನು ಹದಿನೈದು ವರ್ಷಗಳಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ. ಜೆಪೆಗ್ ಬಿಟ್ಟು ರಾ ಕಡತದಲ್ಲಿ ತೆಗೆಯಿರಿ, ಬಿಸಿಲಿಗೆ 5500 ಕೆಲ್ವಿನ್ ಹತ್ತಿರ ಇಡಿ, ಪ್ಯಾರಾಪೆಟ್ ಸುಡದಂತೆ ಅರ್ಧ ಸ್ಟಾಪ್ ಕಡಿಮೆ ತೆಗೆಯಿರಿ. ಕ್ಯಾಮೆರಾವನ್ನು ಮೇಲಕ್ಕೆ ಎತ್ತದೆ ನೆಲಕ್ಕೆ ಸಮನಾಗಿ ಹಿಡಿದರೆ ಗೋಡೆ ವಾಲುವ ಪ್ರಶ್ನೆಯೇ ಬರುವುದಿಲ್ಲ.

ನವನಗರ ನಕ್ಷೆಕೋಣೆ

ಸರ್, ಮನೆ ಇನ್ನೂ ಕಟ್ಟಿಲ್ಲ. ಇದು ಫೋಟೋ ಅಲ್ಲ, ಜನರೇಟ್ ಮಾಡಿದ ರೆಂಡರ್. ಹಾಗಾಗಿ ನನ್ನ ಬಳಿ ರಾ ಕಡತವೂ ಇಲ್ಲ, ಕ್ಯಾಮೆರಾವೂ ಇಲ್ಲ.

ಸಪ್ತಾಪುರ ಸ್ಟುಡಿಯೊ

ಕ್ಷಮಿಸಿ, ಅವಸರದಲ್ಲಿ ಓದಿದೆ. ಆದರೂ ಒಂದು ಮಾತು ಉಪಯೋಗಕ್ಕೆ ಬಂದೀತು. ಪಿಎನ್‌ಜಿ ಕಡತವನ್ನು Camera Raw ಒಳಗೆ ತೆರೆದಾಗ Temp ಪಟ್ಟಿ ಕೆಲ್ವಿನ್ ತೋರಿಸುವುದಿಲ್ಲ, −100ರಿಂದ +100ರವರೆಗೆ ಸರಿಯುತ್ತದೆ. ಚಿತ್ರದಲ್ಲಿ ಈಗಾಗಲೇ ಬೆರೆತುಹೋದ ಬಣ್ಣವನ್ನು ಆಚೀಚೆ ತಳ್ಳುವುದು ಅಷ್ಟೇ ಅದರ ಕೆಲಸ. ಆದ್ದರಿಂದ ನಾನು ಮೇಲೆ ಹೇಳಿದ 5500 ನಿಮಗೆ ಬೇಡ, ಬಿಡಿ.

ವಿದ್ಯಾನಗರ ವಿದ್ಯಾರ್ಥಿ

ಸುಟ್ಟ ಪ್ಯಾರಾಪೆಟ್‌ಗೆ ಸುಲಭದ ದಾರಿ ಇದೆ. ನಾನು ಗಿಂಪ್ ಬಳಸುತ್ತೇನೆ. Image ಪಟ್ಟಿಯ Precision ಒಳಗೆ ಹೋಗಿ 8 ಬಿಟ್‌ನಿಂದ 16 ಬಿಟ್‌ಗೆ ಬದಲಾಯಿಸಿ, ಆಮೇಲೆ ಎಕ್ಸ್‌ಪೋಶರ್ ಇಳಿಸಿದರೆ ಬೆಳಕಿನಲ್ಲಿ ಮುಚ್ಚಿಹೋದ ಗಿಲಾವಿನ ವಿವರ ಮರಳಿ ಬರುತ್ತದೆ. ನಮ್ಮ ತರಗತಿಯಲ್ಲಿ ಎಲ್ಲರೂ ಮಾಡುವುದು ಹೀಗೇ.

ಕೇಶ್ವಾಪುರ ರೆಂಡರ್

ವಿದ್ಯಾರ್ಥಿ ಮಿತ್ರರ ಮಾತಿನಲ್ಲಿ ಅರ್ಧ ಸರಿ ಇದೆ. ಅಲ್ಲಿಂದಲೇ ಶುರುಮಾಡುತ್ತೇನೆ, ಏಕೆಂದರೆ ಮೂರು ದೋಷಗಳಲ್ಲಿ ಎಡಿಟರ್‌ನಿಂದ ನಿಜವಾಗಿ ವಾಪಸು ತರಲಾಗದ ದೋಷ ಇದೊಂದೇ.

16 ಬಿಟ್‌ಗೆ ಹೋಗುವುದು ಒಳ್ಳೆಯದೇ. ಸಂಜೆಯ ಆಕಾಶದಂಥ ನುಣುಪಾದ ಜಾಗದಲ್ಲಿ ಮೇಲಿಂದ ಮೇಲೆ ತಿದ್ದುಪಡಿ ಮಾಡಿದಾಗ ಪಟ್ಟೆ ಪಟ್ಟೆಯಾಗಿ ಒಡೆದುಕೊಳ್ಳುವುದು ಅದರಿಂದ ಕಡಿಮೆಯಾಗುತ್ತದೆ. ಆದರೆ ಜನರೇಟರ್ ಕೊಟ್ಟ ಕಡತದಲ್ಲಿ ಒಂದು ಜಾಗ 255, 255, 255 ಎಂದಿದ್ದರೆ ಅಲ್ಲಿ ಗಿಲಾವಿನ ವಿವರ ಎಂಬುದೇ ಇಲ್ಲ. ಕ್ಯಾಮೆರಾದ ರಾ ಕಡತದಲ್ಲಿ ಪರದೆಗೆ ಬಾರದ ಬೆಳಕು ಅಡಗಿ ಉಳಿದಿರಬಹುದು, ಇಲ್ಲಿ ಅಂಥ ಉಗ್ರಾಣ ಯಾವುದೂ ಇಲ್ಲ. ಗಿಂಪ್‌ನ Exposure ನಲ್ಲಿ −0.5 ಇಟ್ಟು ನೋಡಿ: 255 ಇದ್ದ ಜಾಗವೆಲ್ಲ 219ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಒಂದೇ ಸಮನೆ ಇಳಿಯುತ್ತದೆ. ಬಿಳಿ ಕಲೆ ಇದ್ದಲ್ಲಿ ಬೂದು ಕಲೆ ಬರುತ್ತದೆ, ಅಷ್ಟೇ. ತರಗತಿಯಲ್ಲಿ ವಿವರ ಮರಳಿ ಬಂದಂತೆ ಕಂಡಿದ್ದರೆ ಆ ಜಾಗ 255 ಮುಟ್ಟಿರಲಿಕ್ಕಿಲ್ಲ, 245ರಿಂದ 250ರ ನಡುವೆ ಇದ್ದಿರಬೇಕು. ಕಣ್ಣಿಗೆ ಎರಡೂ ಬಿಳಿಯೇ.

ಆದ್ದರಿಂದ ನಕ್ಷೆಕೋಣೆಯವರು ಮೊದಲು ಪ್ಯಾರಾಪೆಟ್ ಮೇಲೆ ಐಡ್ರಾಪರ್ ಇಟ್ಟು, ಕೆಂಪು, ಹಸಿರು, ನೀಲಿ ಮೂರೂ ಅಂಕಿಗಳನ್ನು ಓದಿ ಇಲ್ಲಿ ಬರೆಯಿರಿ. ಜೊತೆಗೆ ಬಿಸಿಲು ಬಿದ್ದ ಗೋಡೆಯ ಸಾಧಾರಣ ಭಾಗ ಒಂದು, ಪೋರ್ಟಿಕೋ ನೆರಳಿನ ಗೋಡೆ ಒಂದು. ಒಂದು ಪಿಕ್ಸೆಲ್ ಓದಬೇಡಿ, ಸ್ಯಾಂಪಲ್ ಅಳತೆಯನ್ನು 11×11 ಸರಾಸರಿಗೆ ಇಟ್ಟು ಓದಿ. ಗೆರೆಗಳ ವಾಲನ್ನು Ruler ಉಪಕರಣದಿಂದ ಅಳೆಯಿರಿ. ತಿದ್ದುವ ಮೊದಲಿನ ಮೂಲ ಕಡತದಲ್ಲೇ ಅಳೆಯಬೇಕು.

ನವನಗರ ನಕ್ಷೆಕೋಣೆ

ಓದಿದೆ. ಪ್ಯಾರಾಪೆಟ್ ಬಲತುದಿ 255, 247, 229. ಬಿಸಿಲಿನ ಗೋಡೆ 242, 231, 210. ನೆರಳಿನ ಗೋಡೆ 168, 176, 192.

ಮನೆಯ ಎಡಮೂಲೆ ಚಿತ್ರದ ನಡುಗೆರೆಯಿಂದ ಸುಮಾರು 500 ಪಿಕ್ಸೆಲ್ ದೂರದಲ್ಲಿದ್ದು 1.8 ಡಿಗ್ರಿ ಒಳಕ್ಕೆ ವಾಲಿದೆ. ಬಲಮೂಲೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ 1.9 ಡಿಗ್ರಿ. ಪೋರ್ಟಿಕೋ ಕಂಬ ನಡುಗೆರೆಯಿಂದ ಎಡಕ್ಕೆ 200 ಪಿಕ್ಸೆಲ್ ದೂರದಲ್ಲಿದೆ, ಹೆಚ್ಚುಕಡಿಮೆ ನೆಟ್ಟಗಿದೆ. ಹಿಡಿದು ಅಳೆದರೆ 0.2 ಡಿಗ್ರಿ ಹೊರಕ್ಕೆ.

ಕೇಶ್ವಾಪುರ ರೆಂಡರ್

ನಿಮ್ಮ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲೇ ಇದೆ. ಮೊದಲು ಕಂಬದ ವಿಷಯ.

ನಿಜವಾದ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಮನೆಯ ಫೋಟೋ ತೆಗೆದಾಗ ಎಲ್ಲ ಲಂಬ ಗೆರೆಗಳೂ ಮೇಲೆ ಎಲ್ಲೋ ಒಂದೇ ಬಿಂದುವಿನ ಕಡೆಗೆ ವಾಲುತ್ತವೆ. ಹಾಗಾಗಿ ನಡುಗೆರೆಯಲ್ಲಿ ವಾಲು ಸೊನ್ನೆ, ಅಲ್ಲಿಂದ ದೂರ ಹೋದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚು. ನಿಮ್ಮ ಮೂಲೆ 500 ಪಿಕ್ಸೆಲ್‌ನಲ್ಲಿ 1.8 ಡಿಗ್ರಿ ವಾಲಿದೆ ಎಂದಾದರೆ 200 ಪಿಕ್ಸೆಲ್‌ನಲ್ಲಿರುವ ಕಂಬ 0.7 ಡಿಗ್ರಿ ಒಳಕ್ಕೆ ವಾಲಿರಬೇಕಿತ್ತು. ಅದು 0.2 ಡಿಗ್ರಿ ಹೊರಕ್ಕಿದೆ. ಜನರೇಟರ್ ಚಿತ್ರವನ್ನು ಯಾವುದೋ ಒಂದು ಮಸೂರದ ಮೂಲಕ ನೋಡಿ ಬರೆದದ್ದಲ್ಲ. ಮೂಲೆಗಳನ್ನು ಒಂದು ರೀತಿ, ಕಂಬವನ್ನು ಇನ್ನೊಂದು ರೀತಿ ಬರೆದಿದೆ. Guided ಉಪಕರಣವಾದರೋ ಹಿಂದೆ ಒಂದೇ ಕ್ಯಾಮೆರಾ ಇದೆ ಎಂದು ನಂಬಿ ಇಡೀ ಚಿತ್ರವನ್ನು ಒಂದೇ ಹಾಳೆಯಂತೆ ಎಳೆಯುತ್ತದೆ. ಮೂಲೆಗಳು ಸರಿಯಾದವು, ಕಂಬ ತನ್ನ ಪಾಲಿನ 0.7 ಡಿಗ್ರಿಯನ್ನೂ ಸೇರಿಸಿಕೊಂಡು 0.9 ಡಿಗ್ರಿ ಹೊರಕ್ಕೆ ವಾಲಿತು. ಕಂಬ 300 ಪಿಕ್ಸೆಲ್ ಎತ್ತರವಿದ್ದರೆ ಬುಡಕ್ಕೂ ತುದಿಗೂ 5 ಪಿಕ್ಸೆಲ್ ವ್ಯತ್ಯಾಸ. ಪಕ್ಕದಲ್ಲಿ ನೆಟ್ಟಗಿನ ಬಾಗಿಲು ಚೌಕಟ್ಟು ಇರುವುದರಿಂದ ಗೌಂಡಿ ಗುಂಡು ಬಿಟ್ಟು ನೋಡಿದಂತೆ ಅದು ಕಣ್ಣಿಗೆ ಹೊಡೆಯುತ್ತದೆ. ನೀವು ಉಪಕರಣವನ್ನು ತಪ್ಪಾಗಿ ಬಳಸಲಿಲ್ಲ.

ಹಾಗಾದರೆ ಮಾಡಬೇಕಾದದ್ದು ಎರಡು ಹಂತ. ಮೂಲೆಗಳೆರಡನ್ನು ಹಿಡಿದು ಇಡೀ ಚಿತ್ರವನ್ನು Guided ನಿಂದ ನೆಟ್ಟಗೆ ಮಾಡಿರಿ, ಏಕೆಂದರೆ ದೊಡ್ಡ ಗೆರೆಗಳು ಅವೇ. ನಾಲ್ಕು ಗೆರೆ ಎಳೆಯಲು ಅವಕಾಶವಿದೆ ಎಂದು ಕಂಬದ ಮೇಲೂ ಒಂದು ಎಳೆಯಬೇಡಿ. ಒಂದಕ್ಕೊಂದು ಒಪ್ಪದ ಗೆರೆಗಳನ್ನು ಕೊಟ್ಟರೆ ಉಪಕರಣ ಯಾವುದನ್ನೂ ಪೂರ್ತಿ ಸರಿಮಾಡದೆ ನಡುವೆ ಎಲ್ಲೋ ನಿಲ್ಲುತ್ತದೆ. ಆಮೇಲೆ ಕಂಬವನ್ನೂ ಅದರ ಸುತ್ತ 30 ಪಿಕ್ಸೆಲ್ ಅಂಚನ್ನೂ ಆಯ್ದು, ಬೇರೆ ಲೇಯರ್‌ಗೆ ತೆಗೆದು, Skew ನಿಂದ ಕಂಬದ ತುದಿಯನ್ನಷ್ಟೇ 5 ಪಿಕ್ಸೆಲ್ ಒಳಕ್ಕೆ ಸರಿಸಿ. ಕಂಬದ ಬುಡ ಅಲುಗಬಾರದು, ಅಲುಗಿದರೆ ನೆಲದ ಮೇಲಿನ ನೆರಳಿಗೂ ಕಂಬಕ್ಕೂ ನಂಟು ತಪ್ಪುತ್ತದೆ. ಆಮೇಲೆ ಅಂಚನ್ನು ಮಾಸ್ಕ್‌ನಿಂದ ಬೆರೆಸಿ. ಗಿಂಪ್‌ನವರು ಇದನ್ನೇ Shear ಉಪಕರಣದಿಂದ ಮಾಡಬಹುದು. ಆದರೆ ಅದು ಆಯ್ದ ಭಾಗದ ನಡುವಿನಿಂದ ಸರಿಸುವ ಕಾರಣ, ಆಮೇಲೆ ಬುಡವನ್ನು ಮೊದಲಿನ ಜಾಗಕ್ಕೆ ತಂದು ಕೂರಿಸಬೇಕು.

ಇನ್ನೊಂದು ಗಮನಿಸಿ. ಮೇಲ್ಭಾಗ ಅಗಲವಾಗುವಂತೆ ಎಳೆದಾಗ ಚಿತ್ರದ ಕೆಳಗಿನ ಎರಡು ಮೂಲೆಗಳಲ್ಲಿ ಖಾಲಿ ತ್ರಿಕೋನ ಉಳಿಯುತ್ತದೆ. ಅದನ್ನು ಕತ್ತರಿಸಿದಾಗ ಮೊದಲು ಹೋಗುವುದು ಕಾಂಪೌಂಡ್ ಗೋಡೆ ಮತ್ತು ಗೇಟಿನ ಬುಡ. ಆದ್ದರಿಂದ ಗೆರೆಗಳ ಕೆಲಸವನ್ನು ಬಣ್ಣಕ್ಕಿಂತ ಮೊದಲೇ ಮುಗಿಸಿ. ಕತ್ತರಿಸಿ ಹೋಗಲಿರುವ ಹುಲ್ಲಿನ ಮೇಲೆ ಬಣ್ಣ ತಿದ್ದುತ್ತ ಕೂರುವುದು ವ್ಯರ್ಥ.

ಗದಗ ಸಿವಿಲ್

ಇಷ್ಟೆಲ್ಲ ಕಷ್ಟ ಏಕೆ ಎಂದು ನನ್ನ ಪ್ರಶ್ನೆ. ಸ್ಕೆಚ್‌ಅಪ್‌ನಲ್ಲಿ Camera ಪಟ್ಟಿಯಲ್ಲಿ Two-Point Perspective ಇದೆ. ಅದನ್ನು ಒತ್ತಿ ಚಿತ್ರ ತೆಗೆದರೆ ಲಂಬ ಗೆರೆಗಳೆಲ್ಲ ಮೊದಲೇ ನೆಟ್ಟಗಿರುತ್ತವೆ. ಅದನ್ನು ಜನರೇಟರ್‌ಗೆ ಕೊಡಿ, ಮೂಲ ಚಿತ್ರಕ್ಕೆ ಹೆಚ್ಚು ಬದ್ಧವಾಗಿರುವಂತೆ ಇಡಿ. ತಪ್ಪು ಚಿತ್ರವನ್ನು ತಿದ್ದುವುದಕ್ಕಿಂತ ಹೊಸದಾಗಿ ತೆಗೆಯುವುದು ಬೇಗ ಆಗುತ್ತದೆ. ನಾನು ಕಂಬವನ್ನು ಕತ್ತರಿಸಿ ಅಂಟಿಸುವ ಕೆಲಸ ಒಮ್ಮೆಯೂ ಮಾಡಿಲ್ಲ.

ನವನಗರ ನಕ್ಷೆಕೋಣೆ

ಸರ್, ಅದು ನನಗೂ ತಿಳಿದಿರಲಿಲ್ಲ, ಮುಂದಿನ ಮನೆಗೆ ಹಾಗೆಯೇ ಮಾಡುತ್ತೇನೆ. ಆದರೆ ಈ ಚಿತ್ರವನ್ನು ಗ್ರಾಹಕರು ಈಗಾಗಲೇ ನೋಡಿ ಮೆಚ್ಚಿದ್ದಾರೆ. ಹೊಸದಾಗಿ ತೆಗೆದರೆ ಬಾಲ್ಕನಿಯ ಜಾಲರಿಯ ವಿನ್ಯಾಸ, ಕಲ್ಲಿನ ಜೋಡಣೆ ಎಲ್ಲವೂ ಬೇರೆಯಾಗಿ ಬರುತ್ತವೆ. ಅವರು ಒಪ್ಪಿದ್ದು ಇದನ್ನು.

ಗದಗ ಸಿವಿಲ್

ಹಾಗಿದ್ದರೆ ಸರಿ. ಆದರೂ ಒಂದು ಎಚ್ಚರಿಕೆ ಹೇಳುತ್ತೇನೆ, ಇದನ್ನು ಬಹಳ ಜನ ಮರೆಯುತ್ತಾರೆ. ಗೆರೆ ನೆಟ್ಟಗೆ ಮಾಡಿದ ಮೇಲೆ ಕಟ್ಟಡ ಕುಳ್ಳಗೆ ಅಥವಾ ಎತ್ತರ ಆಗಿರಬಹುದು. ನಿಮ್ಮ ಮುಂಭಾಗದ ಅಗಲ ಎಷ್ಟು ಅಡಿ, ಪ್ಯಾರಾಪೆಟ್‌ವರೆಗೆ ಎತ್ತರ ಎಷ್ಟು ಅಡಿ ಎಂಬುದು ನಕ್ಷೆಯಲ್ಲೇ ಇದೆಯಲ್ಲ, ಅದರ ಜೊತೆ ತಾಳೆ ನೋಡಿ.

ನವನಗರ ನಕ್ಷೆಕೋಣೆ

ನೋಡಿದೆ. ನಕ್ಷೆಯ ಪ್ರಕಾರ ಅಗಲ 33 ಅಡಿ, ಎತ್ತರ 23 ಅಡಿ. ನೆಟ್ಟಗೆ ಮಾಡಿದ ಚಿತ್ರದಲ್ಲಿ ಅಗಲ 1000 ಪಿಕ್ಸೆಲ್, ಎತ್ತರ 672 ಪಿಕ್ಸೆಲ್ ಬಂದಿದೆ. 33ಕ್ಕೆ 23 ಎಂದರೆ 1000ಕ್ಕೆ 697 ಇರಬೇಕಿತ್ತು. ಅಂದರೆ ಚಿತ್ರದಲ್ಲಿ ಮನೆ ಕುಳ್ಳಗಾಗಿದೆ. ಶೇಕಡಾ 4ರ ಹತ್ತಿರ ಎತ್ತರಕ್ಕೆ ಎಳೆಯಬೇಕು, ಅಲ್ಲವೇ?

ಕೇಶ್ವಾಪುರ ರೆಂಡರ್

ಹೌದು. Geometry ಒಳಗಿನ Aspect ಪಟ್ಟಿಯನ್ನು ಆ ಅನುಪಾತ ಬರುವವರೆಗೆ ಸರಿಸಿ, ಮತ್ತೆ ಅಳೆಯಿರಿ. ಗದಗದ ಸರ್ ಹೇಳಿದ್ದು ಬಹಳ ಮುಖ್ಯವಾದ ಮಾತು. ಮುಂಭಾಗ ನೇರ ಎದುರಿಗಿರುವುದರಿಂದ ಈ ಲೆಕ್ಕ ಸರಳವಾಗಿ ನಡೆಯಿತು. ಮನೆ ಓರೆಯಾಗಿ ಕಾಣುವ ನೋಟದಲ್ಲಿ ಅಗಲ ಕುಗ್ಗಿ ಕಾಣುವುದರಿಂದ ಹೀಗೆ ಹೋಲಿಸಲಾಗದು. ಅಲ್ಲಿ ಮಾದರಿಯ ಗೆರೆಚಿತ್ರವನ್ನು ಅರ್ಧ ಪಾರದರ್ಶಕ ಲೇಯರ್ ಆಗಿ ಮೇಲಿಟ್ಟು ಸ್ಲ್ಯಾಬ್, ಕಿಟಕಿಗಳನ್ನು ತಾಳೆ ನೋಡಬೇಕಾಗುತ್ತದೆ.

ಈಗ ಬಣ್ಣ. ನಿಮ್ಮ ಎರಡು ಗೋಡೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಿಸಿಲಿನಲ್ಲಿ ಕೆಂಪು ನೀಲಿಗಿಂತ 32 ಹೆಚ್ಚು. ನೆರಳಿನಲ್ಲಿ ನೀಲಿಯೇ ಕೆಂಪಿಗಿಂತ 24 ಹೆಚ್ಚು. ಬಳಿದ ಬಣ್ಣ ಒಂದೇ, ಬೆಳಕು ಎರಡು: ಹೊರಗೆ ಇಳಿಹೊತ್ತಿನ ಬಿಸಿಲು, ಪೋರ್ಟಿಕೋ ಒಳಗೆ ಆಕಾಶದ ನೀಲಿ ಬೆಳಕು. ಈ ಭಾಗವನ್ನು ಜನರೇಟರ್ ಚೆನ್ನಾಗಿಯೇ ಬರೆದಿದೆ, ನಿಜದಲ್ಲೂ ಹೀಗೇ ಇರುತ್ತದೆ. ನೀವು ನೆರಳುಗೋಡೆಯ ಮೇಲೆ ಐಡ್ರಾಪರ್ ಒತ್ತಿದಾಗ, ಈ ನೀಲಿಯೇ ತಟಸ್ಥ ಬೂದು ಎಂದು ಎಡಿಟರ್‌ಗೆ ಹೇಳಿದಂತಾಯಿತು. ಅದು ಇಡೀ ಚಿತ್ರಕ್ಕೆ ಹಳದಿ ಸುರಿಯಿತು.

ವಿದ್ಯಾನಗರ ವಿದ್ಯಾರ್ಥಿ

ಸರ್, ಹಾಗಾದರೆ ಗೋಡೆ ಬಿಟ್ಟು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಒತ್ತಬಹುದಲ್ಲವೇ? ಅದು ಬೂದು ಬಣ್ಣವೇ ತಾನೇ.

ಕೇಶ್ವಾಪುರ ರೆಂಡರ್

ಬೂದು ಹೌದು, ಆದರೆ ಆ ಕಲ್ಲಿನಲ್ಲೇ ಕೊಂಚ ನೀಲಿ ಛಾಯೆ ಇರುತ್ತದೆ. ಅದರ ಮೇಲೆ ಒತ್ತಿದರೂ ಚಿತ್ರ ಹಳದಿಯ ಕಡೆಗೇ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಲ್ಲಿ ಇರುವುದು ನಿಜವಾದ ಕಲ್ಲಲ್ಲ. ಜನರೇಟರ್ ತನಗೆ ತೋಚಿದ ಬೂದು ಬಳಿದಿದೆ. ಜನರೇಟ್ ಮಾಡಿದ ಚಿತ್ರದಲ್ಲಿ ತಟಸ್ಥ ಎಂದು ನಂಬಿಕೊಳ್ಳಬಹುದಾದ ವಸ್ತು ಯಾವುದೂ ಇರುವುದಿಲ್ಲ. ನಮ್ಮ ಕೈಯಲ್ಲಿ ನಿಶ್ಚಿತವಾಗಿರುವುದು ಒಂದೇ, ಗ್ರಾಹಕರು ಆರಿಸಿದ ಬಣ್ಣದ ಚೀಟಿ.

ಆದ್ದರಿಂದ ಐಡ್ರಾಪರ್ ಕೆಳಗಿಟ್ಟು, Temp ಅನ್ನು ಕೈಯಿಂದ ನೀಲಿ ಕಡೆಗೆ ನಿಧಾನವಾಗಿ ಸರಿಸುತ್ತ ಬಿಸಿಲುಗೋಡೆಯ ಅಂಕಿಯನ್ನು ನೋಡುತ್ತಿರಿ. ಚೀಟಿಯ ಬಣ್ಣ 240, 236, 224ರ ಆಸುಪಾಸು ಇದೆ ಎಂದುಕೊಳ್ಳೋಣ, ಅದರಲ್ಲಿ ಕೆಂಪಿಗೂ ನೀಲಿಗೂ ಅಂತರ 16. ಚಿತ್ರದಲ್ಲಿ 32 ಇದೆ. ನಾನಾದರೆ 22ರ ಹತ್ತಿರ ನಿಲ್ಲಿಸುತ್ತೇನೆ. ಸಂಜೆಯ ಬಿಸಿಲಿನಲ್ಲಿ ನಿಂತ ಕೆನೆಬಿಳಿ ಗೋಡೆ ಚೀಟಿಗಿಂತ ಸ್ವಲ್ಪ ಬೆಚ್ಚಗೆ ಕಾಣಲೇಬೇಕು. ಪೂರ್ತಿ 16ಕ್ಕೆ ಇಳಿಸಿದರೆ ಉದ್ದನೆಯ ನೆರಳು ಸಂಜೆಯದು, ಬೆಳಕು ಮಧ್ಯಾಹ್ನದ್ದು ಎಂಬಂತಾಗುತ್ತದೆ. ಹೀಗೆ ಮಾಡಿದಾಗ ಪೋರ್ಟಿಕೋ ನೆರಳು ಇನ್ನಷ್ಟು ನೀಲಿಯಾಗುತ್ತದೆ. ಅದೊಂದನ್ನು ಮಾಸ್ಕ್ ಹಾಕಿ, ನೀಲಿಯನ್ನು ಅರ್ಧದಷ್ಟು ಮಾತ್ರ ಇಳಿಸಿ.

ಇನ್ನು ಪ್ಯಾರಾಪೆಟ್, 255, 247, 229. ಮೂರೂ ಅಲ್ಲ, ಕೆಂಪು ಮಾತ್ರ ತುದಿ ಮುಟ್ಟಿದೆ. ಹಸಿರು, ನೀಲಿಗಳಲ್ಲಿ ಗಿಲಾವಿನ ತರಿ ಇನ್ನೂ ಉಳಿದಿದೆ, ಇದು ನಿಮ್ಮ ಅದೃಷ್ಟ. ಆ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ Highlights ಇಳಿಸಿದರೆ ತರಿ ಕಾಣುತ್ತದೆ. ಆದರೆ ಕೆಂಪು ತುದಿಯಲ್ಲಿ ಕತ್ತರಿಸಿಹೋಗಿರುವುದರಿಂದ ಸುತ್ತಲ ಗೋಡೆಗಿಂತ ಆ ಭಾಗ ತಣ್ಣಗೆ, ಸ್ವಲ್ಪ ಹಸಿರು ಮಿಶ್ರವಾಗಿ ಕಾಣಬಹುದು. ಆಗ ಅದೇ ಮಾಸ್ಕ್‌ನಲ್ಲಿ Tint ಅನ್ನು ಒಂದೆರಡು ಅಂಕಿ ಮೆಜೆಂಟಾ ಕಡೆಗೆ ಸರಿಸಿ. ಇಡೀ ಚಿತ್ರದ ಎಕ್ಸ್‌ಪೋಶರ್ ಮುಟ್ಟಬೇಡಿ. ಬಿಸಿಲುಗೋಡೆ 242ರ ಆಸುಪಾಸಿನಲ್ಲಿದೆ, ಬಿಳಿಗೋಡೆಗೆ ಅದು ತಕ್ಕ ಎತ್ತರವೇ.

ರಾಣೇಬೆನ್ನೂರು ಒಳಾಂಗಣ

ಬಣ್ಣದ ವಿಷಯಕ್ಕೆ ನನ್ನದೊಂದು ಅನುಭವ ಹೇಳಬೇಕೆನಿಸಿತು. ಕಳೆದ ವರ್ಷ ಒಂದು ಮನೆಯ ಹಾಲ್ ರೆಂಡರ್ ಮಾಡಿಕೊಟ್ಟಿದ್ದೆ. ಚಿತ್ರ ಚೆಂದ ಕಾಣಲೆಂದು ಬೆಚ್ಚಗಿನ ಛಾಯೆಯನ್ನು ಹಾಗೆಯೇ ಬಿಟ್ಟಿದ್ದೆ. ಮನೆಯವರು ಚಿತ್ರವನ್ನು ಮೊಬೈಲ್‌ನಲ್ಲಿ ಬಣ್ಣದ ಮೇಸ್ತ್ರಿಗೆ ತೋರಿಸಿ, ಇದೇ ಬಣ್ಣ ಬೇಕು ಎಂದರು. ಅವರು ಚೀಟಿ ನೋಡದೆ ಚಿತ್ರಕ್ಕೆ ಹೊಂದುವ ಬಣ್ಣ ಕಲಸಿ ಎರಡು ಗೋಡೆ ಮುಗಿಸಿದ್ದರು. ಹಗಲು ಬೆಳಕಿನಲ್ಲಿ ಅದು ಬೆಣ್ಣೆಯ ಹಳದಿ. ಎರಡೂ ಗೋಡೆಗೆ ಮತ್ತೆ ಬಳಿಸಿಕೊಟ್ಟ ಖರ್ಚು ನನ್ನದಾಯಿತು. ಆದ್ದರಿಂದ ಕೇಶ್ವಾಪುರದ ಸರ್ ಅವರ 22ನ್ನು ನಾನು ಒಪ್ಪುವುದಿಲ್ಲ. ಚೀಟಿಯಲ್ಲಿ 16 ಇದ್ದರೆ ಚಿತ್ರದಲ್ಲೂ 16 ಇರಲಿ. ಗ್ರಾಹಕರು ಬೆಳಕಿನ ಲೆಕ್ಕ ಹಾಕುವುದಿಲ್ಲ, ಕಂಡದ್ದನ್ನು ನಂಬುತ್ತಾರೆ.

ಕೇಶ್ವಾಪುರ ರೆಂಡರ್

ನಿಮಗಾದ ನಷ್ಟ ನಿಜಕ್ಕೂ ನೋವಿನದು. ಆದರೂ ಪರಿಹಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಚಿತ್ರದ ಬೆಳಕನ್ನು ಕೊಲ್ಲುವ ಬದಲು, ಕೆಳಗಿನ ಅಂಚಿನಲ್ಲಿ ಬಣ್ಣದ ಚೀಟಿಯ ಚೌಕವನ್ನೂ ಅದರ ಸಂಖ್ಯೆಯನ್ನೂ ಹಾಕಿಬಿಡಿ. ಬೆಳಕು ತಟ್ಟದ ಬಣ್ಣ ಇದು ಎಂದು ಅಲ್ಲೇ ಗೊತ್ತಾಗುತ್ತದೆ. ಆ ಚೌಕವನ್ನು ಎಲ್ಲ ತಿದ್ದುಪಡಿಗಳೂ ಮುಗಿದ ಮೇಲೆ, ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ ಇಡಬೇಕು. ಇಲ್ಲವಾದರೆ ಅದಕ್ಕೂ Temp ತಗುಲುತ್ತದೆ.

ರಾಣೇಬೆನ್ನೂರು ಒಳಾಂಗಣ

ಚೌಕದ ಮಾತು ಒಪ್ಪಿದೆ, ಇಂದಿನಿಂದಲೇ ಹಾಕುತ್ತೇನೆ. ಒಳಾಂಗಣಕ್ಕೆ ಮಾತ್ರ ನನ್ನ 16ನ್ನು ಬಿಡುವುದಿಲ್ಲ.

ಸಪ್ತಾಪುರ ಸ್ಟುಡಿಯೊ

ಲಂಬ ಗೆರೆಗಳ ಬಗ್ಗೆ ನನ್ನದೊಂದು ಸಂದೇಹ. ಎತ್ತರದ ಕಟ್ಟಡವನ್ನು ಪೂರ್ತಿ ನೆಟ್ಟಗೆ ಮಾಡಿದಾಗ ಮೇಲ್ಭಾಗ ಹೊರಕ್ಕೆ ಉಬ್ಬಿದಂತೆ ನನ್ನ ಕಣ್ಣಿಗೆ ಕಾಣುತ್ತದೆ. ಕಲ್ಯಾಣ ಮಂಟಪಗಳ ಫೋಟೋದಲ್ಲಿ ನಾನು ಸ್ವಲ್ಪ ವಾಲು ಉಳಿಸಿಯೇ ಬಿಡುತ್ತೇನೆ. ಮನೆಗೂ ಹಾಗೆ ಮಾಡಬಾರದೇ?

ಗದಗ ಸಿವಿಲ್

ಎರಡು ಅಂತಸ್ತಿಗೆ ಬೇಡ. ಎಲಿವೇಶನ್ ಎಂದರೆ ಗೋಡೆ ನೆಟ್ಟಗೇ ಇರಬೇಕು. ಐದಾರು ಅಂತಸ್ತಿನದಾದರೆ ನಿಮ್ಮ ಮಾತನ್ನು ಯೋಚಿಸಬಹುದು.

ನವನಗರ ನಕ್ಷೆಕೋಣೆ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಮುಗಿಸಿದೆ. ಮೂಲೆಗಳು, ಆಮೇಲೆ ಎತ್ತರದ ಅನುಪಾತ, ಆಮೇಲೆ ಕಂಬ, ಕೊನೆಗೆ ಬಣ್ಣ, ಈ ಕ್ರಮದಲ್ಲಿ ಮಾಡಿದೆ. ಬಿಸಿಲುಗೋಡೆ ಈಗ 239, 231, 218 ಓದುತ್ತದೆ, ಅಂತರ 21. ಪ್ಯಾರಾಪೆಟ್‌ನ ತರಿ ಕಾಣುತ್ತಿದೆ, ಕೆಂಪು ಹೋದ ಜಾಗದಲ್ಲಿ ಹಸಿರು ಛಾಯೆ ನೀವು ಹೇಳಿದಂತೆಯೇ ಬಂತು. Tint +3ಕ್ಕೆ ಸರಿಯಾಯಿತು. ಕೆಳಗಡೆ ಗೇಟಿನ ಬುಡ ಆರು ಪಿಕ್ಸೆಲ್ ಕತ್ತರಿಸಿಹೋಯಿತು, ಅದನ್ನು ನೆಲದ ಕಲ್ಲನ್ನೇ ಕ್ಲೋನ್ ಮಾಡಿ ತುಂಬಿದೆ.

ಒಂದು ಉಳಿದಿದೆ. ಕಂಬದ ತುದಿಯನ್ನು ಒಳಕ್ಕೆ ಸರಿಸಿದ ಮೇಲೆ, ಅದರ ಹಿಂದೆ ಹಾದುಹೋಗುವ ಬಾಲ್ಕನಿ ಜಾಲರಿಯ ಎರಡು ಸರಳುಗಳು ಕಂಬದ ಎಡಕ್ಕೆ ಒಂದು ಎತ್ತರದಲ್ಲಿ, ಬಲಕ್ಕೆ ಒಂದೆರಡು ಪಿಕ್ಸೆಲ್ ಕೆಳಗೆ ಕಾಣುತ್ತಿವೆ. ಮೂಲ ಚಿತ್ರದಲ್ಲೇ ಹಾಗಿತ್ತೋ, ನಾನು ಮಾಡಿದ್ದೋ ತಿಳಿಯುತ್ತಿಲ್ಲ.

ಕೇಶ್ವಾಪುರ ರೆಂಡರ್

Skew ನಿಂದ ಆ ಭಾಗ ಅಡ್ಡಕ್ಕೆ ಮಾತ್ರ ಸರಿಯುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ. ಹಾಗಾಗಿ ಅದು ಮೂಲದಲ್ಲೇ ಇದ್ದಿರಬೇಕು. ಮುಂದಿನ ವಸ್ತುವಿನ ಹಿಂದೆ ಹಾದುಹೋಗುವ ಗೆರೆ ಆಚೆ ಬದಿಗೆ ಬಂದಾಗ ಜಾಗ ತಪ್ಪುವುದು ಜನರೇಟ್ ಮಾಡಿದ ಚಿತ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷ. ಮೂಲ ಕಡತ ತೆರೆದು ಕಂಬದ ಎರಡೂ ಬದಿಯಲ್ಲಿ ಸರಳಿನ ಎತ್ತರವನ್ನು ಒಮ್ಮೆ ಓದಿ. ಅಲ್ಲೂ ವ್ಯತ್ಯಾಸ ಇದ್ದರೆ ಬಲಬದಿಯ ಸರಳುಗಳನ್ನು ಆಯ್ದು ಅಷ್ಟೇ ಮೇಲಕ್ಕೆ ಎತ್ತಿಬಿಡಿ.